ಅರ್ಜಿಯಿಂದ ಆಂಟೆನಾದವರೆಗೆ: ಒಂದು ಹೋಬಳಿಯ ಸಮುದಾಯ ಬಾನುಲಿಯ ಅನುಭವ

ತುಮಕೂರು ಜಿಲ್ಲೆಯ ಬಯಲುಸೀಮೆಯ ಹೋಬಳಿಯೊಂದರಲ್ಲಿ ನಮ್ಮ ಪುಟ್ಟ ಟ್ರಸ್ಟ್‌ನ ಸಮುದಾಯ ಬಾನುಲಿ ಕೇಂದ್ರ ಈ ಮಳೆಗಾಲಕ್ಕೆ ಸ್ವಲ್ಪ ಮೊದಲು ಪ್ರಸಾರ ಆರಂಭಿಸಿತು. ಟ್ರಸ್ಟಿಗಳ ಸಭೆಯಲ್ಲಿ ಮೊದಲ ನಿರ್ಣಯ ಬರೆದಾಗಿನಿಂದ ಸ್ಪೀಕರಿನಲ್ಲಿ ನಮ್ಮದೇ ದನಿ ಕೇಳುವವರೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈಗ ವಾರಕ್ಕೊಬ್ಬರಾದರೂ ಫೋನ್ ಮಾಡಿ, 'ನಮ್ಮೂರಲ್ಲೂ ಮಾಡಬೇಕು, ಎಲ್ಲಿಂದ ಶುರು ಮಾಡುವುದು?' ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಗಂಟೆ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ನಮಗೆ ಹಣ ಕೊಟ್ಟ ದಾನಿಗಳು ಇದನ್ನೇ 'ಪ್ರಕರಣ ಅಧ್ಯಯನ ವರದಿ' ಎಂಬ ಹೆಸರಿನಲ್ಲಿ ಕೇಳಿದ್ದರು. ಅವರಿಗೆ ಕಳುಹಿಸಿದ ವರದಿಯಲ್ಲಿ ಇಲ್ಲದ ಕೆಲವು ಮಾತುಗಳೂ ಇಲ್ಲಿವೆ.

ಹಿನ್ನೆಲೆ

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ನಂಟಿದೆ. ಬಾನಿನ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯ ಸಂಘಸಂಸ್ಥೆಗಳಿಗೆ ಪರವಾನಗಿ ಸಿಗುವ ದಾರಿ ತೆರೆದುಕೊಂಡಿದ್ದು 2006ರ ನೀತಿಯಿಂದ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಅದಕ್ಕಾಗಿ ಕಾಯುತ್ತಾ ಕೂರಲಿಲ್ಲ. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಆ ದಿನಗಳಲ್ಲಿ ಅವರು ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. ಅನುಮತಿ ಬಂದ ಮೇಲೆ ಸಂಘಸಂಸ್ಥೆಯೊಂದು ನಡೆಸುವ ದೇಶದ ಮೊದಲ ಕೇಂದ್ರವಾಗಿ 2008ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು ಇಂದಿನ ತೆಲಂಗಾಣದ ಪಸ್ತಾಪುರದ 'ಸಂಘಂ ರೇಡಿಯೊ'. ಅದನ್ನು ನಡೆಸುವವರು ದಲಿತ ಮಹಿಳೆಯರು. ಪರವಾನಗಿಯೇ ಇಲ್ಲದ ಕಾಲದ ಬೂದಿಕೋಟೆಯ ಉಪಾಯ ಪರವಾನಗಿ ಪಡೆದ ನಮಗೂ ಬೇಕಾಯಿತು. ಹೇಗೆಂದು ಮುಂದೆ ಹೇಳುತ್ತೇನೆ.

ಕಾಗದಪತ್ರದ ಕಾಲ

ಅರ್ಜಿ ಹೋಗುವುದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ. ಈಗ ಎಲ್ಲವೂ 'ಬ್ರಾಡ್‌ಕಾಸ್ಟ್ ಸೇವಾ' ಎಂಬ ಜಾಲತಾಣದ ಮೂಲಕ. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷವಾಗಿರಬೇಕು, ಮತ್ತು ಆ ಊರಿನಲ್ಲಿ ಸೇವೆಯ ಕೆಲಸ ಮಾಡಿದ ದಾಖಲೆ ಇರಬೇಕು. ನೋಂದಣಿ ಪತ್ರ, ಟ್ರಸ್ಟ್ ಡೀಡ್, ಮೂರು ವರ್ಷಗಳ ಲೆಕ್ಕಪರಿಶೋಧನೆಯ ವರದಿ, ವಾರ್ಷಿಕ ವರದಿಗಳು, ಪ್ಯಾನ್, ಟ್ರಸ್ಟಿಗಳೆಲ್ಲರ ಪೂರ್ಣ ವಿವರ, ಜಾಗದ ನಕ್ಷೆ, ಸಮುದಾಯಕ್ಕೆ ಬಾನುಲಿ ಏಕೆ ಬೇಕು ಎಂಬುದರ ಸಮೀಕ್ಷೆ: ಇಷ್ಟು ಕೈಯಲ್ಲಿಟ್ಟುಕೊಂಡೇ ಜಾಲತಾಣದ ಮುಂದೆ ಕೂರಬೇಕು. ಅರ್ಜಿ ಶುಲ್ಕ 2,500 ರೂಪಾಯಿ. ಇದರಲ್ಲಿ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವುದು ಟ್ರಸ್ಟಿಗಳ ವಿವರವನ್ನು. ಒಬ್ಬ ಟ್ರಸ್ಟಿಯ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಡೀಡ್‌ನಲ್ಲಿ ಇನ್ನೊಂದು ಬಗೆ ಇದ್ದರೆ ಕಡತ ಅಲ್ಲೇ ಕೂರುತ್ತದೆ. ನಮ್ಮಲ್ಲಿ ಒಬ್ಬರ ತಂದೆಯ ಹೆಸರಿನ ಇನಿಷಿಯಲ್ ಹಿಂದೆ ಮುಂದೆ ಆಗಿತ್ತು. ಅದನ್ನು ಸರಿಪಡಿಸಲು ನೋಟರಿ, ಅಫಿಡವಿಟ್, ಮತ್ತೆ ಅಪ್‌ಲೋಡ್ ಎಂದು ಒಂದು ಯುಗಾದಿ ಕಳೆಯಿತು.

ಸಮೀಕ್ಷೆಯನ್ನು ಕಾಟಾಚಾರಕ್ಕೆ ಮಾಡಬೇಡಿ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಲವರು ಮಾದರಿ ನಮೂನೆಯೊಂದನ್ನು ತರಿಸಿಕೊಂಡು 'ಕೃಷಿ, ಆರೋಗ್ಯ, ಶಿಕ್ಷಣ' ಎಂದು ತುಂಬಿ ಕಳುಹಿಸುತ್ತಾರೆ. ನಾವು ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಮನೆಮನೆಗೆ ಕಳುಹಿಸಿ, ರೇಡಿಯೊ ಬಂದರೆ ಏನು ಕೇಳಲು ಇಷ್ಟ ಎಂದಷ್ಟೇ ಕೇಳಿಸಿದೆವು. ಬಂದ ಉತ್ತರಗಳು ನಮ್ಮ ಯೋಜನೆಯನ್ನೇ ತಿರುಗಿಸಿಬಿಟ್ಟವು. ನೀರು ಯಾವಾಗ ಬಿಡುತ್ತಾರೆ, ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಯಾವ ಹೊತ್ತಿಗೆ, ಸುತ್ತಲ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾಗಿದೆ, ಮಣ್ಣು ಎಷ್ಟು ಗಂಟೆಗೆ, ಕಳೆದುಹೋದ ಎಮ್ಮೆ ಎಲ್ಲಾದರೂ ಕಂಡಿತೆ. ಕೃಷಿ ವಿಜ್ಞಾನಿಗಳ ಉಪನ್ಯಾಸ ಬೇಕೆಂದು ಯಾರೂ ಹೇಳಲಿಲ್ಲ. ಒಬ್ಬ ಅಜ್ಜಿ ಅಂತೂ, 'ಹಾಡು ಹಾಕು ತಾಯಿ, ಉಳಿದದ್ದು ನೀವೇ ಮಾತಾಡಿಕೊಳ್ಳಿ' ಎಂದಿದ್ದರು. ಅದನ್ನೂ ಹಾಗೆಯೇ ಬರೆದುಕೊಂಡು ಬಂದಿದ್ದರು ನಮ್ಮ ಹುಡುಗಿಯರು.

ಅರ್ಜಿ ಹೋದ ಮೇಲೆ ದೀರ್ಘ ಮೌನ. ನಮ್ಮಂಥ ಖಾಸಗಿ ಸಂಸ್ಥೆಗಳ ಕಡತ ಗೃಹ ಸಚಿವಾಲಯವೂ ಸೇರಿದಂತೆ ಬೇರೆ ಸಚಿವಾಲಯಗಳ ಒಪ್ಪಿಗೆಗೂ ಹೋಗುತ್ತದೆ. ಒಂದು ದಿನ ಠಾಣೆಯಿಂದ ಬಂದವರು ಟ್ರಸ್ಟಿಗಳ ಮನೆಗಳಲ್ಲಿ ವಿಚಾರಿಸಿಕೊಂಡು ಹೋದರು. ನಿವೃತ್ತ ಶಿಕ್ಷಕರಾದ ನಮ್ಮ ಅಧ್ಯಕ್ಷರ ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ. ಮನೆಯವರು ಅಷ್ಟು ಹೆದರಿದ್ದರು. ಇಂಥ ವಿಚಾರಣೆ ಬರುತ್ತದೆ, ಅದು ಮಾಮೂಲಿ ಎಂದು ಟ್ರಸ್ಟಿಗಳ ಮನೆಯವರಿಗೂ ಮೊದಲೇ ಹೇಳಿಡುವುದು ಒಳ್ಳೆಯದು. ನಂತರ ಪರಿಶೀಲನಾ ಸಮಿತಿಯ ಮುಂದೆ ನಮ್ಮ ಯೋಜನೆಯನ್ನು ವಿವರಿಸುವ ಸರದಿ ಬಂತು. ನಡೆಸಲು ಹಣ ಎಲ್ಲಿಂದ, ಕಾರ್ಯಕ್ರಮ ಮಾಡುವವರು ಯಾರು, ಈ ಎರಡನ್ನೇ ಅವರು ತಿರುಗಿಸಿ ತಿರುಗಿಸಿ ಕೇಳಿದರು. ಅಜ್ಜಿಯ ಮಾತು ಇದ್ದ ಸಮೀಕ್ಷೆಯ ಹಾಳೆ ಅಲ್ಲಿ ಉಪಯೋಗಕ್ಕೆ ಬಂತು.

ಆಮೇಲೆ ಬಂದದ್ದು ಉದ್ದೇಶ ಪತ್ರ, ನಮ್ಮವರ ಬಾಯಲ್ಲಿ 'ಎಲ್‌ಓಐ'. ಇದು ಬಂದ ದಿನ ಊರಿಗೆಲ್ಲ ಸಿಹಿ ಹಂಚುವವರಿದ್ದಾರೆ. ಆದರೆ ಇದು ಪ್ರಸಾರದ ಅನುಮತಿಯಲ್ಲ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಈ ಪತ್ರಕ್ಕೆ ಒಂದು ವರ್ಷದ ಆಯುಷ್ಯ. ಅಷ್ಟರೊಳಗೆ ತರಂಗಾಂತರ, ಆಂಟೆನಾ ಜಾಗಕ್ಕೆ ಒಪ್ಪಿಗೆ ಎಲ್ಲವನ್ನೂ ಪಡೆದು ಸರ್ಕಾರದೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವ ಹಂತಕ್ಕೆ ಬರಬೇಕು. ಅನಿರೀಕ್ಷಿತ ಅಡ್ಡಿಗಳಿಗೆಂದು ಇನ್ನು ಮೂರು ತಿಂಗಳು ಕೊಡುತ್ತಾರೆ. ಆ ಒಪ್ಪಂದದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ 'ಗೋಪಾ' ಎನ್ನುತ್ತಾರೆ. ಅದಕ್ಕೆ 25,000 ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಮೊತ್ತ ಚಿಕ್ಕದು. ಆದರೆ ನಮ್ಮ ಊರಿನ ಬ್ಯಾಂಕ್ ಶಾಖೆಯಲ್ಲಿ ಇಂಥ ಗ್ಯಾರಂಟಿ ಕೊಟ್ಟ ನೆನಪೇ ಯಾರಿಗೂ ಇರಲಿಲ್ಲ. ವ್ಯವಸ್ಥಾಪಕರು ಮೇಲಿನ ಕಚೇರಿಗೆ ಬರೆದು, ಅವರು ನಮೂನೆಯ ಭಾಷೆಯನ್ನು ಒಪ್ಪದೆ ತಿರುಗಿಸಿ ಕಳುಹಿಸಿ, ವಾರಗಳು ಕರಗಿದವು. ಸಚಿವಾಲಯ ಕೊಡುವ ನಮೂನೆಯಲ್ಲಿ ಒಂದು ಅಕ್ಷರವೂ ಬದಲಾಗಬಾರದು ಎಂಬುದನ್ನು ಬ್ಯಾಂಕಿಗೆ ಮೊದಲ ದಿನವೇ ತಿಳಿಸಿಬಿಡಿ.

ಗುಡ್ಡ, ಟವರು ಮತ್ತು ಮರೆಯಲ್ಲಿ ಉಳಿದ ತಾಂಡಾ

ನಮ್ಮ ಹೋಬಳಿಯ ಭಾಗವಹಿಸುವಿಕೆಯ ಅರ್ಧ ಕಥೆ ಟವರನ್ನು ಎಲ್ಲಿ ನಿಲ್ಲಿಸಿದೆವು ಎಂಬಲ್ಲೇ ತೀರ್ಮಾನವಾಯಿತು. ನಮಗಿಂತ ಮೊದಲು ಅರ್ಜಿ ಹಾಕಿದವರಾರೂ ಈ ಮಾತನ್ನು ನಮಗೆ ಹೇಳಿರಲಿಲ್ಲ.

ಸಮುದಾಯ ಬಾನುಲಿಗೆ ಅನುಮತಿ ಇರುವ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಇದು ಆಂಟೆನಾದಿಂದ ಹೊರಹೊಮ್ಮುವ ಶಕ್ತಿಯ ಲೆಕ್ಕ. ಹಾಗಾಗಿ 50 ವ್ಯಾಟಿನ ಟ್ರಾನ್ಸ್‌ಮಿಟರ್ ಕೊಂಡು, ಶಕ್ತಿಯನ್ನು ಇಮ್ಮಡಿಗೊಳಿಸುವ ಆಂಟೆನಾ ಕಟ್ಟಿದರೆ ಸಾಕಾಗುತ್ತದೆ. 100 ವ್ಯಾಟಿನ ಟ್ರಾನ್ಸ್‌ಮಿಟರ್ ಮಾರಲು ಬರುವವರ ಮಾತಿಗೆ ಮರುಳಾಗಬೇಕಿಲ್ಲ. ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರಬಾರದು, ವಿಕಿರಣದ ದೃಷ್ಟಿಯಿಂದ 15 ಮೀಟರಿಗಿಂತ ಕೆಳಗೂ ಇರಬಾರದು. ಇಷ್ಟರಲ್ಲಿ ಬಯಲಿನಲ್ಲಿ ಸುತ್ತಲೂ 5ರಿಂದ 10 ಕಿಲೋಮೀಟರ್ ದೂರದವರೆಗೆ ದನಿ ತಲುಪುತ್ತದೆ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ.

ನಮ್ಮ ಹೋಬಳಿಯ ನಡುವೆ ಒಂದು ಕರಿಕಲ್ಲಿನ ಗುಡ್ಡವಿದೆ. ಟವರನ್ನು ಅದರ ನೆತ್ತಿಯ ಮೇಲೆ ನಿಲ್ಲಿಸಿದ್ದರೆ ಇಡೀ ಹೋಬಳಿಗೆ ಕೇಳಿಸುತ್ತಿತ್ತು. ಆದರೆ ಗುಡ್ಡ ಅರಣ್ಯ ಇಲಾಖೆಯದು. ಅಲ್ಲಿ ಒಂದು ಕಂಬ ನೆಡಲೂ ಬೇರೆಯದೇ ಅನುಮತಿ ಬೇಕು, ಕರೆಂಟು ಎಳೆಯಬೇಕು, ರಾತ್ರಿ ಕಾವಲಿಗೆ ಜನ ಬೇಕು. ಎಲ್‌ಓಐನ ಒಂದು ವರ್ಷದೊಳಗೆ ಇದಾವುದೂ ಮುಗಿಯುವ ಮಾತಲ್ಲ. ಹಾಗಾಗಿ ಪಂಚಾಯಿತಿಯ ಹಳೆಯ ಸಮುದಾಯ ಭವನದ ಪಕ್ಕದ ಜಾಗವನ್ನು ಗೊತ್ತು ಮಾಡಿ, ಪಂಚಾಯಿತಿ ಸಭೆಯ ನಿರ್ಣಯ ಪಡೆದೆವು. ನಿರ್ಣಯದ ಪ್ರತಿಯಲ್ಲಿ ಸರ್ವೆ ನಂಬರ್, ಅಳತೆ ಮತ್ತು ಎಷ್ಟು ವರ್ಷಕ್ಕೆ ಕೊಟ್ಟಿದ್ದಾರೆ ಎಂಬುದು ಇರಲೇಬೇಕು.

ಜಾಗ ಗೊತ್ತಾದ ಮೇಲೆ 'ಸರಳ ಸಂಚಾರ್' ಜಾಲತಾಣದಲ್ಲಿ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗಕ್ಕೆ ಅರ್ಜಿ. ಇದಕ್ಕೆ ಎಲ್ಲರೂ ಹೇಳುವುದು 'ಸಾಕ್ಫಾ' ಒಪ್ಪಿಗೆ ಎಂದು. ಟವರು ವಿಮಾನಗಳಿಗಾಗಲಿ, ಬೇರೆಯವರ ನಿಸ್ತಂತು ಸಂಪರ್ಕಕ್ಕಾಗಲಿ ಅಡ್ಡ ಬರುವುದಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಇದರ ಉದ್ದೇಶ. ಟವರಿನ ಬುಡದ ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಕೊಡಬೇಕು. ಸಮುದ್ರಮಟ್ಟದಿಂದ ಆ ನೆಲದ ಎತ್ತರ ಬೇರೆ, ನೆಲದಿಂದ ಆಂಟೆನಾದ ಎತ್ತರ ಬೇರೆ, ಎರಡನ್ನೂ ಕೇಳುತ್ತಾರೆ. ಮೊಬೈಲಿನ ನಕ್ಷೆ ತೋರಿಸುವ ದಶಮಾಂಶದ ಅಂಕಿಗಳನ್ನು ಪರಿವರ್ತಿಸಿಯೇ ತುಂಬಬೇಕು. ಟವರು ಏಳುವ ಜಾಗದಲ್ಲೇ ನಿಂತು ಅಳೆಯಿರಿ, ಕಚೇರಿಯ ಬಾಗಿಲಲ್ಲಿ ನಿಂತಲ್ಲ. ಮುಂದೆ ಕಾಗದದಲ್ಲಿರುವ ಜಾಗಕ್ಕೂ ಕಬ್ಬಿಣ ನಿಂತಿರುವ ಜಾಗಕ್ಕೂ ತಾಳೆಯಾಗಬೇಕು.

ತರಂಗಾಂತರ ಕೊಡುವವರು ಅವರೇ. ಆಯ್ಕೆ ನಮ್ಮದಲ್ಲ. ದೇಶದ ಬಹುಪಾಲು ಸಮುದಾಯ ಕೇಂದ್ರಗಳು 90.4, 90.8, 91.2 ಮೆಗಾಹರ್ಟ್ಸ್‌ಗಳಲ್ಲೇ ಇವೆ. ಒಂದೇ ತರಂಗಾಂತರದ ಎರಡು ಕೇಂದ್ರಗಳು ಹತ್ತಿರ ಬಾರದಂತೆ ಹಂಚುತ್ತಾರೆ. ಆದ್ದರಿಂದ ಪತ್ರ ಕೈಗೆ ಬರುವವರೆಗೆ ಫಲಕ, ಕರಪತ್ರ ಏನನ್ನೂ ಅಚ್ಚು ಹಾಕಿಸಬೇಡಿ. ಗೋಪಾಗೆ ಸಹಿ ಬಿದ್ದ ಮೇಲೆ ಟ್ರಾನ್ಸ್‌ಮಿಟರ್ ಕೂಡಿಸಿ, ನಿಸ್ತಂತು ಕಾರ್ಯಾಚರಣೆಯ ಪರವಾನಗಿ ಪಡೆದು, ಮೂರು ತಿಂಗಳೊಳಗೆ ಪ್ರಸಾರ ಆರಂಭಿಸಬೇಕು. ಈ ಮೂರು ತಿಂಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ. ಸ್ಟುಡಿಯೊದ ಗೋಡೆ, ಬಾಗಿಲು, ಹುಡುಗರ ತರಬೇತಿ ಎಲ್ಲವನ್ನೂ ಮೊದಲೇ ಮುಗಿಸಿಟ್ಟಿದ್ದರಿಂದ ನಾವು ಬಚಾವಾದೆವು.

ಪರೀಕ್ಷಾರ್ಥ ಪ್ರಸಾರದ ದಿನ ನಮ್ಮ ಹುಡುಗರು ಬೈಕುಗಳಲ್ಲಿ ರೇಡಿಯೊ ಹಿಡಿದು ಹಳ್ಳಿಹಳ್ಳಿಗೆ ಹೋದರು. ಎಲ್ಲ ಕಡೆಯಿಂದಲೂ 'ಕೇಳಿಸುತ್ತಿದೆ ಅಣ್ಣ' ಎಂಬ ಫೋನ್. ಗುಡ್ಡದ ಹಿಂದಿನ ಲಂಬಾಣಿ ತಾಂಡಾದಿಂದ ಮಾತ್ರ ಬರೀ ಗೊರಗೊರ ಸದ್ದು. ಸಮೀಕ್ಷೆಯಲ್ಲಿ ಅತಿ ಹೆಚ್ಚು ಉತ್ಸಾಹ ತೋರಿದ್ದು ಆ ತಾಂಡಾದವರೇ. ಕಾಗದದ ಮೇಲೆ ಅದು ನಮ್ಮ ಪ್ರಸಾರ ವ್ಯಾಪ್ತಿಯ ಒಳಗೇ ಇದೆ, ವಾಸ್ತವದಲ್ಲಿ ಇಲ್ಲ. ಆಗ ನೆನಪಾದದ್ದು ಬೂದಿಕೋಟೆ. ಈಗ ತಾಂಡಾದ ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಸ್ಪೀಕರ್ ಇಟ್ಟಿದ್ದೇವೆ. ಅಂದಂದಿನ ಕಾರ್ಯಕ್ರಮವನ್ನು ಒಬ್ಬ ಕಾಲೇಜು ಹುಡುಗ ಪೆನ್‌ಡ್ರೈವ್‌ನಲ್ಲಿ ಒಯ್ದು ಸಂಜೆ ಹಾಕುತ್ತಾನೆ. ಬರುವಾಗ ತಾಂಡಾದವರ ಮಾತು, ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬರುತ್ತಾನೆ. ಅವರ ಗೋರ್ ಬೋಲಿ ಭಾಷೆಯ ಹಾಡುಗಳು ಉಳಿದ ಹೋಬಳಿಗೆಲ್ಲ ಕೇಳಿಸುತ್ತವೆ, ಅವರಿಗೆ ನೇರವಾಗಿ ಕೇಳಿಸುವುದಿಲ್ಲ. ಇದು ನನಗೆ ಸಮಾಧಾನ ತಂದಿಲ್ಲ. ನೀವು ಜಾಗ ಹುಡುಕುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಟವರು ಎಲ್ಲಿ ಸುಲಭ ಎಂಬುದನ್ನಲ್ಲ, ನೆರಳು ಯಾರ ಮೇಲೆ ಬೀಳುತ್ತದೆ ಎಂಬುದನ್ನು.

ಇನ್ನೊಂದು ಅಡ್ಡಿಯನ್ನು ನಾವು ಕನಸಿನಲ್ಲೂ ಎಣಿಸಿರಲಿಲ್ಲ. ಜನರ ಬಳಿ ರೇಡಿಯೊವೇ ಇರಲಿಲ್ಲ. ಹಳೆಯ ಕೀಪ್ಯಾಡ್ ಮೊಬೈಲುಗಳಲ್ಲಿ ಎಫ್‌ಎಂ ಇತ್ತು, ಹೊಸ ಸ್ಮಾರ್ಟ್‌ಫೋನುಗಳಲ್ಲಿ ಬಹುಮಟ್ಟಿಗೆ ಇಲ್ಲ. ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಕತ್ತರಿಸಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿದೆ, ಆದರೆ ನಮ್ಮೂರಿನವರ ಕೈಯಲ್ಲಿರುವ ಫೋನು ಈಗಾಗಲೇ ಕೊಂಡದ್ದು. ಎಫ್‌ಎಂ ಇರುವ ಫೋನಿನಲ್ಲೂ ಇಯರ್‌ಫೋನ್ ತಂತಿಯೇ ಆಂಟೆನಾ ಆಗಿ ಕೆಲಸ ಮಾಡುವುದರಿಂದ ಅದನ್ನು ಸಿಕ್ಕಿಸದೆ ಕೇಳಿಸುವುದಿಲ್ಲ. ಸಂಘದ ಹೆಣ್ಣುಮಕ್ಕಳು ಚಿಕ್ಕ ರೇಡಿಯೊಗಳನ್ನು ಒಟ್ಟಿಗೆ ಕೊಂಡು ಕಂತಿನಲ್ಲಿ ಹಂಚಿದ ಮೇಲೆ ಕೇಳುಗರು ನಿಜವಾಗಿ ಸಿಕ್ಕರು. ಯೋಜನೆಯ ಬಜೆಟ್ಟಿನಲ್ಲಿ ರೇಡಿಯೊಗಳಿಗೆಂದೇ ಒಂದು ಸಾಲು ಬರೆದುಕೊಳ್ಳಿ.

ಸಮಿತಿ: ಮಧ್ಯಾಹ್ನ ಎರಡು ಗಂಟೆ

ಪ್ರತಿ ಕೇಂದ್ರಕ್ಕೂ ಸಲಹೆ ಮತ್ತು ಕಾರ್ಯಕ್ರಮ ಸಮಿತಿಯೊಂದು ಇರಬೇಕು. 2024ರ ಮಾರ್ಗಸೂಚಿಯ ಪ್ರಕಾರ ಅದರ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಾಗಿರಬೇಕು. ನಾವು ಪಟ್ಟಿಯನ್ನು ಸುಲಭವಾಗಿ ತುಂಬಿದೆವು. ಸಭೆಯಲ್ಲಿ ಮಾತ್ರ ಮಾತಾಡುತ್ತಿದ್ದವರು ಗಂಡಸರು. ಹೆಂಗಸರು ಬಾಗಿಲ ಬಳಿಯ ಚಾಪೆಯ ಮೇಲೆ ಕೂತು ಸಹಿ ಹಾಕಿ ಹೋಗುತ್ತಿದ್ದರು. ಸಭೆ ಸಂಜೆ ಆರಕ್ಕೆ ಇರುತ್ತಿತ್ತು. ಹಾಲು ಕರೆಯುವ ಹೊತ್ತು ಅದು. ಸಂಘದ ಅಧ್ಯಕ್ಷೆಯೊಬ್ಬರು ಒಂದು ದಿನ ಎದ್ದು, 'ನಿಮಗೆ ನಮ್ಮ ಮಾತು ಬೇಕಿದ್ದರೆ ಹುಣಸೆಹಣ್ಣು ಬಿಡಿಸುವ ಜಾಗಕ್ಕೆ ಬನ್ನಿ ಸಾರ್' ಎಂದರು. ನಮ್ಮ ಕಡೆ ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವುದು ಮನೆಮನೆಯ ಕೆಲಸ. ಮುಂದಿನ ಸಭೆ ಅಲ್ಲೇ ನಡೆಯಿತು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಬಿಡುವಾಗಿತ್ತು. ಗಂಡಸರು ಎರಡು ತಿಂಗಳಲ್ಲಿ ಗೊತ್ತು ಮಾಡಲಾಗದ ವೇಳಾಪಟ್ಟಿ ಅಲ್ಲಿ ಒಂದು ಮಧ್ಯಾಹ್ನಕ್ಕೆ ಗೊತ್ತಾಯಿತು. ಬೆಳಿಗ್ಗೆ ಆರೂವರೆಗೆ ಒಂದು ಗಂಟೆ, ಮಧ್ಯಾಹ್ನ ಎರಡರಿಂದ ನಾಲ್ಕು. ರಾತ್ರಿ ಎಂಟರ ಮೇಲೆ ಬೇಡವೇ ಬೇಡ, ಆಗ ಧಾರಾವಾಹಿ ಇರುತ್ತದೆ.

ಪ್ರಸಾರದ ಕನಿಷ್ಠ ಅರ್ಧ ಭಾಗ ಸ್ಥಳೀಯವಾಗಿ, ಸಮುದಾಯದವರೇ ಸೇರಿ ಮಾಡಿದ್ದಾಗಿರಬೇಕು ಎಂಬ ನಿಯಮವೂ ಇದೆ. ಸಿನಿಮಾ ಹಾಡುಗಳಿಗೆ ಹಕ್ಕುಸ್ವಾಮ್ಯದ ಹಣ ಕಟ್ಟಬೇಕಾದ್ದರಿಂದ ಇದು ನಮಗೆ ಒಳ್ಳೆಯದೇ ಆಯಿತು. ಸೋಬಾನೆ, ತತ್ವಪದ, ಕೋಲಾಟದ ಪದಗಳು, ಭಜನೆ ಎಲ್ಲವೂ ಊರಲ್ಲೇ ಇದ್ದವು. ಹಾಡಿದವರಿಂದ ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುವುದನ್ನು ಮರೆಯಬೇಡಿ. ಪ್ರಸಾರ ಮಾಡಿದ ಪ್ರತಿ ಕಾರ್ಯಕ್ರಮವನ್ನೂ ಮೂರು ತಿಂಗಳು ಕಾಪಾಡಿಕೊಂಡಿರಬೇಕು. ನಾವು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡುತ್ತೇವೆ, ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ.

ನೀರುಗಂಟಿಯ ಐದು ನಿಮಿಷ

ಸಮುದಾಯ ಬಾನುಲಿ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಹಾಕಬಹುದು, ಅಷ್ಟೆ. ರಾಜಕೀಯ ಸ್ವರೂಪದ ಕಾರ್ಯಕ್ರಮವೂ ಸಲ್ಲದು. ಇದನ್ನು ಕೇಳಿದ ಕೂಡಲೇ ಬಹಳ ಜನ, 'ಹಾಗಾದರೆ ಹಾಡು, ಅಡುಗೆ ಬಿಟ್ಟು ಏನು ಮಾಡುವುದು?' ಎನ್ನುತ್ತಾರೆ. ಆದರೆ ಹವಾಮಾನ, ಸಂಚಾರ, ಹಬ್ಬ ಜಾತ್ರೆ, ಪರೀಕ್ಷೆ, ವಿದ್ಯುತ್ತು ಮತ್ತು ನೀರಿನ ಬಗೆಗಿನ ಸ್ಥಳೀಯ ಪ್ರಕಟಣೆಗಳು, ಆರೋಗ್ಯದ ಎಚ್ಚರಿಕೆ ಇವನ್ನು ಸುದ್ದಿ ಎಂದು ಎಣಿಸುವುದಿಲ್ಲ ಎಂದು ಅದೇ ನೀತಿ ಹೇಳುತ್ತದೆ. ನಮ್ಮ ಇಡೀ ಕೆಲಸ ನಿಂತಿರುವುದು ಈ ಒಂದು ಸಾಲಿನ ಮೇಲೆ.

ಪ್ರಸಾರ ಆರಂಭವಾದ ಕೆಲವು ವಾರಗಳಲ್ಲಿ ಒಂದು ಕೇರಿಯಿಂದ ನಮ್ಮ ಹುಡುಗಿಯೊಬ್ಬಳು ಒಂದು ಧ್ವನಿಮುದ್ರಣ ತಂದಳು. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಬಹಳ ದಿನವಾಗಿದೆ, ಹೆಂಗಸರು ಪಕ್ಕದ ಊರಿನಿಂದ ನೀರು ಹೊರುತ್ತಿದ್ದಾರೆ, ರಿಪೇರಿಯ ದುಡ್ಡನ್ನು ಇಂಥ ಸದಸ್ಯ ತಿಂದಿದ್ದಾನೆ ಎಂದು ಒಬ್ಬ ತಾಯಿ ಸಿಟ್ಟಿನಲ್ಲಿ ಹೆಸರು ಹಿಡಿದು ಹೇಳಿದ್ದರು. ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ಹಾಗೇ ಹಾಕಿ ಎಂದವರು ಕೆಲವರು, ಏನೂ ಹಾಕುವುದು ಬೇಡ, ಪರವಾನಗಿ ಹೋದೀತು ಎಂದವರು ಕೆಲವರು. ಕೊನೆಗೆ ಕೂತು ಆ ಧ್ವನಿಮುದ್ರಣವನ್ನು ವಾಕ್ಯ ವಾಕ್ಯವಾಗಿ ಬಿಡಿಸಿದೆವು. ದುಡ್ಡು ತಿಂದ ಮಾತಿಗೆ ಯಾರ ಬಳಿಯೂ ಆಧಾರವಿರಲಿಲ್ಲ, ಅದು ಹೋಯಿತು. ಘಟಕ ಯಾವಾಗಿನಿಂದ ನಿಂತಿದೆ, ಎಷ್ಟು ದೂರದಿಂದ ನೀರು ತರುತ್ತಿದ್ದಾರೆ, ಒಂದು ಕೊಡಕ್ಕೆ ಎಷ್ಟು ಹೊತ್ತು, ರಿಪೇರಿ ಯಾರ ಹೊಣೆ ಇವೆಲ್ಲ ನೀರಿನ ಮಾಹಿತಿ, ಅವು ಉಳಿದವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಉತ್ತರವನ್ನೂ ಅದೇ ಕಾರ್ಯಕ್ರಮದಲ್ಲಿ ಸೇರಿಸಬೇಕು, ಅವರು ಬರದಿದ್ದರೆ 'ಉತ್ತರಕ್ಕಾಗಿ ಕಾಯುತ್ತಿದ್ದೇವೆ' ಎಂದಷ್ಟೇ ಹೇಳಬೇಕು ಎಂದು ತೀರ್ಮಾನಿಸಿದೆವು.

ಆಕೆಗೆ ಫೋನ್ ಮಾಡಿ ತಿಳಿಸಿದಾಗ ಬೇಸರಪಟ್ಟುಕೊಂಡರು. 'ನಾನು ಹೇಳಿದ್ದರಲ್ಲಿ ಖಾರ ತೆಗೆದುಬಿಟ್ಟಿರಿ' ಎಂದರು. ಅದು ನಿಜವೂ ಹೌದು. ಸುದ್ದಿಯ ಮೇಲಿನ ಈ ನಿರ್ಬಂಧ ಜನರ ಮಾತಿನ ಮೊನೆಯನ್ನು ಮೊಂಡು ಮಾಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅಧಿಕಾರಿ ಬಂದರು. ಬಿಡಿಭಾಗಕ್ಕೆ ಬರೆದಿರುವುದಾಗಿ, ಅಲ್ಲಿಯವರೆಗೆ ಟ್ಯಾಂಕರ್ ಕಳುಹಿಸುವುದಾಗಿ ಮೈಕಿನ ಮುಂದೆ ಹೇಳಿದರು. ಟ್ಯಾಂಕರ್ ಮರುದಿನವೇ ಬಂತು. ಘಟಕ ದುರಸ್ತಿಯಾಗಲು ಇನ್ನಷ್ಟು ಕಾಲ ಹಿಡಿಯಿತು. ಪ್ರತಿ ವಾರ ಅದೇ ಹೊತ್ತಿಗೆ 'ಘಟಕದ ಸ್ಥಿತಿ ಇಂದು ಹೀಗಿದೆ' ಎಂದು ಒಂದು ಸಾಲು ಓದುತ್ತಿದ್ದೆವು. ಆ ಸಾಲನ್ನು ನಿಲ್ಲಿಸಲು ಸಾಧ್ಯವೇ ಎಂದು ಪಂಚಾಯಿತಿ ಕಡೆಯಿಂದ ಮೆಲ್ಲಗೆ ಕೇಳಿದ್ದೂ ಆಯಿತು. ರಿಪೇರಿಯಾದ ದಿನ ನಿಲ್ಲಿಸುತ್ತೇವೆ ಎಂದು ಅಷ್ಟೇ ಮೆಲ್ಲಗೆ ಹೇಳಿದೆವು.

ಇದರಿಂದ ಹುಟ್ಟಿದ್ದೇ ನೀರುಗಂಟಿಯ ಕಾರ್ಯಕ್ರಮ. ಯಾವ ಕೇರಿಗೆ ಯಾವ ದಿನ ವಾಲ್ವ್ ತಿರುಗಿಸುತ್ತಾರೆ ಎಂಬುದು ಅವರೊಬ್ಬರಿಗೇ ಗೊತ್ತಿದ್ದ ವಿದ್ಯೆ. ಅದನ್ನು ಬೆಳಿಗ್ಗೆ ಐದು ನಿಮಿಷ ಅವರ ಬಾಯಲ್ಲೇ ಹೇಳಿಸುತ್ತೇವೆ. ಮೋಟಾರು ಸುಟ್ಟಿದ್ದರೆ ಅದನ್ನೂ ಹೇಳುತ್ತಾರೆ. ಮೊದಲು, ನೀರು ಬಾರದ ದಿನ ಜನ ಅವರ ಮನೆಗೆ ಹೋಗಿ ಬೈಯುತ್ತಿದ್ದರು. ಈಗ ಯಾರ ಕೇರಿಗೆ ಸರದಿ ತಪ್ಪಿತು ಎಂಬುದು ಎಲ್ಲ ಕೇರಿಗಳಿಗೂ ಕೇಳಿಸುವುದರಿಂದ, ಒಂದು ಕೇರಿಯ ಸರದಿಯನ್ನು ಇನ್ನೊಂದು ಕೇರಿಗೆ ತಿರುಗಿಸು ಎಂದು ಅವರ ಮೇಲೆ ಒತ್ತಡ ಹಾಕುತ್ತಿದ್ದವರು ಸುಮ್ಮನಾಗಿದ್ದಾರೆ. ವಾರ್ಡ್ ಸಭೆ, ಗ್ರಾಮ ಸಭೆಗಳ ದಿನಾಂಕವನ್ನೂ ಅವರ ಮಾತಿನ ಹಿಂದೆಯೇ ಓದುತ್ತೇವೆ, ಏಕೆಂದರೆ ಆ ಐದು ನಿಮಿಷವನ್ನು ಯಾರೂ ತಪ್ಪಿಸುವುದಿಲ್ಲ. ಸಭೆಗೆ ಬಂದವರು ಹೆಚ್ಚಾಗಿದ್ದಾರೆ ಎಂದು ಅಂಕಿ ಸಮೇತ ಬರೆದುಕೊಡಿ ಎಂದು ದಾನಿಗಳು ಕೇಳಿದರು. ಕಣ್ಣಿಗೆ ಕಂಡದ್ದನ್ನು ಬರೆದೆ: ಸಭೆಯ ನೋಟಿಸು ಪಂಚಾಯಿತಿ ಗೋಡೆಯ ಮೇಲೆ ಮಾತ್ರ ಇದ್ದಾಗ ಬಾರದಿದ್ದ ಕೇರಿಗಳಿಂದ ಈಗ ಹೆಂಗಸರು ಗುಂಪಾಗಿ ಬರುತ್ತಾರೆ, ಆದರೆ ಅವರ ಪ್ರಶ್ನೆಗಳು ನಡಾವಳಿ ಪುಸ್ತಕಕ್ಕೆ ಇಳಿಯುವುದು ಇನ್ನೂ ಅಪರೂಪ.

ಮಳೆ, ಮಿಂಚು, ದುಡ್ಡು

ಮೊದಲ ಜೋರು ಮಳೆಯ ಮರುದಿನ ದನಿ ಕ್ಷೀಣವಾಯಿತು. ದೂರದ ಹಳ್ಳಿಗಳಿಂದ ಕೇಳಿಸುತ್ತಿಲ್ಲ ಎಂಬ ದೂರು. ಟ್ರಾನ್ಸ್‌ಮಿಟರಿನ ಫಲಕದಲ್ಲಿ ಎರಡು ಅಂಕಿಗಳು ಕಾಣುತ್ತವೆ: ಆಂಟೆನಾಗೆ ಹೋಗುವ ಶಕ್ತಿ, ಅಲ್ಲಿಂದ ಹಿಂತಿರುಗಿ ಬರುವ ಶಕ್ತಿ. ಎರಡನೆಯದು ಸೊನ್ನೆಯ ಹತ್ತಿರ ಇರಬೇಕು. ಅಂದು ಅದು ಏರಿತ್ತು, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಾನೇ ಇಳಿಸಿಕೊಂಡಿತ್ತು. ಟವರಿನ ಮೇಲೆ ಕೇಬಲ್ ಕೂಡುವ ಕನೆಕ್ಟರಿನೊಳಗೆ ನೀರು ಇಳಿದಿತ್ತು. ಒಣಗಿಸಿ, ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದ ಮೇಲೆ ಸರಿಯಾಯಿತು. ಕೆಳಗಿನಿಂದ ಸುತ್ತಿದರೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುತ್ತದೆ, ನೀರು ಜಾರಿ ಹೋಗುತ್ತದೆ. ಈಗ ಪ್ರತಿ ಬೆಳಿಗ್ಗೆ ಆ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತೇವೆ. ಗುಡುಗು ಕೇಳಿದ ಕೂಡಲೇ ಪ್ರಸಾರ ನಿಲ್ಲಿಸುತ್ತೇವೆ. ಟವರಿನ ತುದಿಯ ಮಿಂಚುಬಂಧಕದಿಂದ ಪ್ರತ್ಯೇಕ ಅರ್ತಿಂಗ್ ಗುಂಡಿಗೆ ದಪ್ಪ ತಾಮ್ರದ ಪಟ್ಟಿ ಇಳಿಸಿದ್ದೇವೆ, ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದು ಕಾವಲುಗಾರರ ಕೆಲಸ.

ಟವರು, ಟ್ರಾನ್ಸ್‌ಮಿಟರ್, ಸ್ಟುಡಿಯೊ, ಬ್ಯಾಟರಿ ಎಲ್ಲ ಸೇರಿ ಖರ್ಚು 12 ಲಕ್ಷದ ಹತ್ತಿರ ಬಂತು. ಅದರಲ್ಲಿ ಟವರಿನದೇ ಸಿಂಹಪಾಲು. ಉಪಕರಣದ ಖರ್ಚಿನಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರದ ಬೆಂಬಲ ಯೋಜನೆಯಿಂದ ಪಡೆಯಬಹುದು, ಆದರೆ ಮೊದಲ ದಿನದ ಹಣ ನಿಮ್ಮ ಕೈಯಲ್ಲೇ ಇರಬೇಕು. ವರ್ಷಕ್ಕೊಮ್ಮೆ ತರಂಗಾಂತರ ಶುಲ್ಕವೂ ಇದೆ. 2012ರಲ್ಲಿ ಇದನ್ನು 19,700ರಿಂದ 91,000 ರೂಪಾಯಿಗೆ ಏರಿಸಿದಾಗ ದೇಶದ ಸಮುದಾಯ ಕೇಂದ್ರಗಳು ಒಟ್ಟಾಗಿ ಪ್ರತಿಭಟಿಸಿ ಇಳಿಸಿಕೊಂಡಿದ್ದವು. ನಮ್ಮಂಥವರು ಇವತ್ತು ಉಸಿರಾಡುತ್ತಿರುವುದು ಅವರ ದೆಸೆಯಿಂದ.

ಆದಾಯಕ್ಕೆ ಜಾಹೀರಾತು ಇದೆಯಲ್ಲ ಎನ್ನುತ್ತಾರೆ. 2024ರ ಮಾರ್ಗಸೂಚಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಕೊಟ್ಟಿದೆ, ಅದಕ್ಕೆ ಮೊದಲು 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರವನ್ನೂ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿಸಿದ್ದಾರೆ. ಲೆಕ್ಕ ಹಾಕಿದರೆ ಗಂಟೆಗೆ 72 ಅವಕಾಶ, 5,328 ರೂಪಾಯಿ. ಅಷ್ಟೂ ತುಂಬಿದ ಒಂದು ಗಂಟೆಯನ್ನೂ ನಾವು ಕಂಡಿಲ್ಲ. ಸರ್ಕಾರಿ ಜಾಹೀರಾತಿಗೆ ಪ್ರತ್ಯೇಕ ನೋಂದಣಿ ಆಗಬೇಕು, ಬಿಲ್ಲು ಮಂಜೂರಾಗಿ ಹಣ ಬರುವ ಹೊತ್ತಿಗೆ ನಮ್ಮ ಹುಡುಗಿಯರ ಗೌರವಧನದ ದಿನ ಕಳೆದಿರುತ್ತದೆ. ಊರಿನ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ನರ್ಸರಿಯವರೇ ಸದ್ಯಕ್ಕೆ ಗತಿ. ಕನಿಷ್ಠ ಒಂದು ವರ್ಷದ ಸಂಬಳ ಮತ್ತು ಕರೆಂಟು ಬಿಲ್ಲಿನಷ್ಟು ಹಣ ಕೈಯಲ್ಲಿಲ್ಲದೆ ಗೋಪಾಗೆ ಸಹಿ ಹಾಕಬೇಡಿ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ.

ಕಳೆದ ವಾರ ಬೋರ್‌ವೆಲ್ ಕೊರೆಯುವ ಲಾರಿಯ ಮಾಲೀಕರೊಬ್ಬರು ಬಂದು, ನೀರುಗಂಟಿಯ ಐದು ನಿಮಿಷವನ್ನು ಇಡೀ ವರ್ಷ ಪ್ರಾಯೋಜಿಸುವುದಾಗಿ ಹೇಳಿದರು. ಹೇಳಿದ ಮೊತ್ತ ನಮ್ಮ ಎರಡು ತಿಂಗಳ ಖರ್ಚಿಗೆ ಸಾಲುವಂಥದ್ದು. ಅಂತರ್ಜಲ ಕುಸಿದ ಊರಿನಲ್ಲಿ ನೀರಿನ ಕಾರ್ಯಕ್ರಮಕ್ಕೆ ಬೋರ್‌ವೆಲ್‌ನವರ ಹೆಸರೇ ಎಂದು ಸಮಿತಿಯ ಹೆಂಗಸರು ಒಪ್ಪಲಿಲ್ಲ. ಸಂಬಳ ಯಾರು ಕೊಡುತ್ತಾರೆ ಎಂದು ಗಂಡಸರು ಕೇಳಿದರು. ಮತಕ್ಕೆ ಹಾಕಿದಾಗ ಹೆಂಗಸರ ಪಕ್ಷವೇ ಗೆದ್ದಿತು. ನೀರುಗಂಟಿಯೂ ಆ ಕಡೆಗೇ ಕೈ ಎತ್ತಿದ್ದರು. ಜಾಹೀರಾತನ್ನು ಮಧ್ಯಾಹ್ನದ ಭಜನೆಯ ಮುಂದೆ ಹಾಕಬಹುದು, ಬೆಳಗಿನ ಐದು ನಿಮಿಷದ ಹತ್ತಿರ ಮಾತ್ರ ಬಾರದಂತೆ ನೋಡಿಕೊಳ್ಳಬೇಕು ಎಂದು ನಿರ್ಣಯವಾಯಿತು. ಆ ಷರತ್ತಿಗೆ ಮಾಲೀಕರು ಇನ್ನೂ ಉತ್ತರ ಕೊಟ್ಟಿಲ್ಲ.